ಸರಾಸರಿಯ ತಲೆ ಮೇಲೊಂದು ನಕ್ಷತ್ರ

ಅಕ್ಕನ ಮಗ ಎಂಬಿಎ ಕಾಲೇಜಿನ ಪುಸ್ತಿಕೆ ಹಿಡಿದು ಬಂದಿದ್ದ. ಮುಖ ಕಾಣುವಷ್ಟು ನುಣುಪಾದ ಹಾಳೆ. ನಡುವಿನ ಪುಟದಲ್ಲಿ ಅಂಗೈ ಅಗಲದ ಅಕ್ಷರ: ಸರಾಸರಿ ಸಂಬಳ 25 ಲಕ್ಷ. ಅದರ ತಲೆ ಮೇಲೆ ಸಾಸಿವೆ ಕಾಳಿನಷ್ಟು ಒಂದು ನಕ್ಷತ್ರ.

"ಮಾಮ, ಶುಲ್ಕ ಬರೀ 24 ಲಕ್ಷ. ಮೊದಲ ವರ್ಷದ ಸಂಬಳದಲ್ಲೇ ತೀರಿಹೋಗುತ್ತೆ" ಅಂದ.

ನಾನು ಕನ್ನಡಕ ಹಾಕಿಕೊಂಡು ಆ ನಕ್ಷತ್ರದ ಬೆನ್ನು ಹತ್ತಿದೆ. ಪುಟದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು: ಕೆಲಸ ಸಿಕ್ಕವರದು ಮಾತ್ರ. ಅಂದರೆ ಸಿಗದೇ ಇದ್ದವರು ಸರಾಸರಿ ಕೆಡಿಸಬಾರದು ಅಂತ ಅವರನ್ನು ಲೆಕ್ಕದಿಂದಲೇ ಇಳಿಸಿದ್ದಾರೆ. ಉಳಿದವರದ್ದಾದರೂ ಹೇಗೆ? ಹತ್ತು ಜನರಲ್ಲಿ ಒಂಬತ್ತು ಮಂದಿಗೆ 18 ಲಕ್ಷ, ಒಬ್ಬ ಪುಣ್ಯಾತ್ಮನಿಗೆ 88 ಲಕ್ಷ ಸಿಕ್ಕರೂ ಸರಾಸರಿ 25 ಬರುತ್ತೆ. ಆ 25 ಮಾತ್ರ ಯಾರ ಖಾತೆಗೂ ಬಂದಿರುವುದಿಲ್ಲ. ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ಮಧ್ಯದಲ್ಲಿರುವವನಿಗೆ ಎಷ್ಟು ಅಂತ ಕೇಳಬೇಕು. ಅದನ್ನು ಪುಸ್ತಿಕೆಯಲ್ಲಿ ಎಲ್ಲೂ ಹಾಕಿರಲಿಲ್ಲ.

ಇರಲಿ, ಹುಡುಗ ಜಾಣ. ಅವನಿಗೆ 25 ಸಿಕ್ಕೇಬಿಟ್ಟಿತು ಅಂತಿಟ್ಟುಕೊಂಡು ಪೆನ್ಸಿಲ್ ತೆಗೆದೆ.

ಅದರಲ್ಲಿ 2 ಲಕ್ಷ ಸೇರುವಾಗ ಒಂದೇ ಸಲ ಕೊಡುವ ಬೋನಸ್. ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು. 4 ಲಕ್ಷ ಕಂಪನಿ ಚೆನ್ನಾಗಿ ನಡೆದು, ಮ್ಯಾನೇಜರ್ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇನ್ನು 2 ಲಕ್ಷ ನಿವೃತ್ತಿ ನಿಧಿ, ವಿಮೆ ಅಂತ ಹೆಸರಿಗೆ ಸೇರಿಸಿದ್ದು. ಉಳಿದ 17ರಲ್ಲಿ ತೆರಿಗೆ ಹೋಗಿ ಕೈಗೆ ಬರುವುದು 14 ಅಂದುಕೊಳ್ಳೋಣ.

"ಈಗಿನ ಕೆಲಸದಲ್ಲಿ ಕೈಗೆ ಬರೋ 8ಕ್ಕಿಂತ 6 ಲಕ್ಷ ಜಾಸ್ತಿ ಅಲ್ವಾ?" ಅಂದ.

ಇಲ್ಲೇ ಎಲ್ಲರೂ ಎಡವುವುದು. ಎರಡು ವರ್ಷ ಅವನ ಹಳೇ ಕುರ್ಚಿ ಸುಮ್ನೆ ಕೂತಿರುತ್ತದೆಯೇ? ವರ್ಷಕ್ಕೆ ನೂರಕ್ಕೆ 10ರಂತೆ ಏರಿದರೆ 8 ಇದ್ದದ್ದು 8.8 ಆಗಿ, ಮೂರನೇ ವರ್ಷ 9.7 ಆಗಿರುತ್ತೆ. ಹೋಲಿಸಬೇಕಾದ್ದು ಅದರ ಜೊತೆ. ಹಾಗಾಗಿ ನಿಜವಾದ ಏರಿಕೆ 4.3 ಲಕ್ಷ. ಮೊದಲ ಎರಡು ವರ್ಷ ಬಿಟ್ಟುಕೊಟ್ಟ 16.8 ಲಕ್ಷವೂ ಖರ್ಚೇ. ಊಟದ ಖರ್ಚನ್ನು ನಾನು ಸೇರಿಸಲಿಲ್ಲ. ಕೆಲಸದಲ್ಲಿದ್ದರೂ ಹೊಟ್ಟೆ ಕೇಳುತ್ತೆ.

ಇನ್ನು ಸಾಲ. "ಓದುವಾಗ ಕಂತು ಕಟ್ಟಬೇಕಾಗಿಲ್ಲ ಮಾಮ" ಅಂತ ಖುಷಿಯಲ್ಲಿ ಹೇಳಿದ. ಕಂತಿಗೆ ರಜೆ ಉಂಟು, ಬಡ್ಡಿಗಿಲ್ಲ. ನೂರಕ್ಕೆ 10ರ ಬಡ್ಡಿ, ವರ್ಷಕ್ಕೆ 12 ಲಕ್ಷದಂತೆ ಎರಡು ಸಲ ಸಾಲ ಎತ್ತಿದರೆ ಓದು ಮುಗಿಯುವಷ್ಟರಲ್ಲಿ 3.6 ಲಕ್ಷ ಬಡ್ಡಿ ಬೆಳೆದಿರುತ್ತೆ. ಅದೂ ಅಸಲಿಗೆ ಸೇರಿ 27.6 ಆಗುತ್ತೆ. ಆಮೇಲೆ ಬಡ್ಡಿಗೂ ಬಡ್ಡಿ. ಏಳು ವರ್ಷದ ಕಂತಾದರೆ ತಿಂಗಳಿಗೆ ಸುಮಾರು 45,800. ಒಟ್ಟು ಕಟ್ಟುವುದು 38.5 ಲಕ್ಷ. ಬಿಟ್ಟ ಸಂಬಳವನ್ನೂ ಕೂಡಿದರೆ "ಬರೀ 24" ಅನ್ನುವುದು 55 ದಾಟುತ್ತೆ.

ಹುಡುಗನ ಮುಖ ಸಣ್ಣಗಾಯಿತು. ನನಗೆ ಆಗ ಹುರುಪು ಬಂತು.

ವರ್ಷದ ಕಂತು 5.5 ಲಕ್ಷ, ವರ್ಷದ ಏರಿಕೆ 4.3. ಎಂಬಿಎ ಮುಗಿಸಿ ಟೈ ಕಟ್ಟಿಕೊಂಡು ಹೋದ ಮೊದಲ ವರ್ಷ ಅವನ ಕೈಯಲ್ಲಿ ಉಳಿಯುವುದು 8.5. ಎಲ್ಲಿಗೂ ಹೋಗದೆ ಹಳೇ ಕುರ್ಚಿಯಲ್ಲೇ ಕೂತ ಗೆಳೆಯನ ಕೈಯಲ್ಲಿ 9.7. ಇಬ್ಬರ ಸಂಬಳವೂ ಅದೇ 10ರಂತೆ ಏರಿದರೆ, ಏರಿಕೆ ಕಂತನ್ನು ದಾಟುವುದು ನಾಲ್ಕನೇ ವರ್ಷ. ಬಿಟ್ಟ ಸಂಬಳವೂ ವಾಪಸಾಗಿ ಲೆಕ್ಕ ಸಮವಾಗುವುದು ಒಂಬತ್ತನೇ ವರ್ಷ. ಈಗ 27, ಆಗ 38. ಬೇಗ ಬಡ್ತಿ ಸಿಕ್ಕರೆ ಒಂದೆರಡು ವರ್ಷ ಮೊದಲೇ ಆಗಬಹುದು. 18 ಲಕ್ಷದ ಆ ಒಂಬತ್ತು ಜನರ ಸಾಲಿಗೆ ಬಿದ್ದರೆ ಯಾವಾಗ ಅಂತ ಬರೆಯಲು ಹಾಳೆಯಲ್ಲಿ ಜಾಗ ಇರಲಿಲ್ಲ.

ತಮಾಷೆ ಏನು ಗೊತ್ತಾ? ಬಿಟ್ಟ ಸಂಬಳವೂ ಖರ್ಚೇ ಅನ್ನುವ ಪಾಠವನ್ನು ಎಂಬಿಎಯಲ್ಲೇ ಹೇಳಿಕೊಡುತ್ತಾರೆ. ಅದೂ ಮೊದಲ ಸೆಮಿಸ್ಟರ್‌ನಲ್ಲಿ. ಶುಲ್ಕ ಕಟ್ಟಿದ ಮೇಲೆ.

ಹುಡುಗ ಬಹಳ ಹೊತ್ತು ಹಾಳೆ ನೋಡುತ್ತಾ ಕೂತ. ಮನಸ್ಸು ಬದಲಾಯಿತು ಅಂದುಕೊಂಡೆ. ಮೆಲ್ಲಗೆ ಪುಸ್ತಿಕೆಯ ಒಳಗಿಂದ ಇನ್ನೊಂದು ಕಾಗದ ತೆಗೆದು ನನ್ನ ಮುಂದಿಟ್ಟ. ಬ್ಯಾಂಕಿನ ಅರ್ಜಿ. ಜಾಮೀನುದಾರರು ಅನ್ನುವ ಕಡೆ ನನ್ನ ಹೆಸರು ಆಗಲೇ ತುಂಬಿತ್ತು.

"ಸಹಿ ಒಂದು ಬಾಕಿ ಮಾಮ" ಅಂದ.