ಏಳನೇ ಮನೆಗೆ ವರ್ಗಾವಣೆ

ಒಂಬತ್ತು ಚಿಕ್ಕ ಟಿಕ್ ಟ್ಯಾಕ್ ಟೋ ಚೌಕಗಳನ್ನು ಮೂರು ಸಾಲಿನಲ್ಲಿ ಬರೆದರೆ ಒಂದು ದೊಡ್ಡ ಆಟವಾಗುತ್ತದೆ. ನಾನು ಚಿಕ್ಕ ಚೌಕದ ಯಾವ ಮನೆಯಲ್ಲಿ ಗುರುತು ಹಾಕುತ್ತೇನೋ, ದೊಡ್ಡ ಆಟದಲ್ಲಿ ಅದೇ ಜಾಗದಲ್ಲಿರುವ ಚೌಕಕ್ಕೆ ಎದುರಾಳಿ ಹೋಗಲೇಬೇಕು. ಆ ಚೌಕ ಮೊದಲೇ ಮುಗಿದಿದ್ದರೆ ಮಾತ್ರ ಎದುರಾಳಿ ಬೇಕಾದಲ್ಲಿ ಆಡಬಹುದು. ಸಾಲಾಗಿ ಮೂರು ಚೌಕ ಗೆದ್ದವರದು ಆಟ. ನನ್ನ ಅಕ್ಕನ ಮಗಳಿಗೆ ಇದು ಆಟವಲ್ಲ, ಸರ್ಕಾರಿ ನೌಕರನನ್ನು ನೀರು ನೆರಳಿಲ್ಲದ ಊರಿಗೆ ವರ್ಗ ಮಾಡುವ ಅಧಿಕಾರ.

ಮೊನ್ನೆ ಮದುವೆ ಪತ್ರಿಕೆಯೊಂದರ ಹಿಂಬದಿಯಲ್ಲಿ ಆಡುತ್ತಿದ್ದೆವು. ಮೊಬೈಲಿನ ಅಂಕಿಗಳಂತೆ ಚೌಕಗಳಿಗೂ ಅವುಗಳೊಳಗಿನ ಮನೆಗಳಿಗೂ 1ರಿಂದ 9 ಎಂದು ಹೆಸರಿಟ್ಟುಕೊಳ್ಳಿ. ಸೊನ್ನೆ ನನ್ನದು, ಇಂಟು ಅವಳದು. 1 ಮತ್ತು 2ನೇ ಚೌಕ ನನ್ನ ಕೈಯಲ್ಲಿದ್ದವು. 3ರಲ್ಲಿ ಒಂದೇ ಒಂದು ಸೊನ್ನೆ ಬಿದ್ದರೆ ಆಟವೇ ನನ್ನದು. ಅವಳು 4 ಮತ್ತು 9ನ್ನು ಗೆದ್ದಿದ್ದಳು, ಈಗ 5ರಲ್ಲಿ ಆಡಬೇಕಿತ್ತು. ಅಲ್ಲಿ ಮೇಲಿನ ಸಾಲಿನ ಮೂರನೇ ಮನೆ ತುಂಬಿದರೆ ನಡುವಿನ ಚೌಕ ಅವಳದಾಗುತ್ತಿತ್ತು. ನಾನು ಉಸಿರು ಬಿಗಿಹಿಡಿದು ಉಪ್ಪಿಟ್ಟಿನ ಮೇಲೆ ಗಮನವಿರುವಂತೆ ನಟಿಸಿದೆ. ಆ ಮನೆಯೇ ನನ್ನನ್ನು 3ಕ್ಕೆ ಕಳಿಸುತ್ತಿತ್ತಲ್ಲ!

ಅವಳು ಅದನ್ನು ಮುಟ್ಟಲಿಲ್ಲ. ಒಂಬತ್ತನೇ ಮನೆಯನ್ನೂ ನೋಡಿ ಬಿಟ್ಟಳು. ಮುಗಿದ ಚೌಕ ನಿರುಪದ್ರವಿ ಎಂದು ಹೊಸಬರಿಗೆ ಅನಿಸುವುದೇ ಇಲ್ಲಿ: ಅಲ್ಲಿಗೆ ಕಳಿಸಿದರೆ ಎದುರಾಳಿಯ ಕೈಗೆ ಇಡೀ ಹಾಳೆಯ ಬೀಗದ ಕೈ ಕೊಟ್ಟ ಹಾಗೆ. ನಾನು ನೇರ 3ಕ್ಕೆ ನುಗ್ಗುತ್ತಿದ್ದೆ.

ಅವಳು ಏಳನೇ ಮನೆಯಲ್ಲಿ ಇಂಟು ಹಾಕಿದಳು. 7ನೇ ಚೌಕದಲ್ಲಿ ನನ್ನದು ಒಂಟಿ ಸೊನ್ನೆ. ಕಷ್ಟಪಟ್ಟು ಅದನ್ನು ಗೆದ್ದರೂ ಏನು ಬಂತು? ಅದರ ಕಂಬಸಾಲಿನಲ್ಲಿ ಅವಳ 4, ಅಡ್ಡಸಾಲಿನಲ್ಲಿ ಅವಳ 9 ಕೂತಿವೆ. ಉಳಿದ ಮೂಲೆಗೆರೆಗೆ 3 ಬೇಕು, 3 ಸಿಕ್ಕಿದರೆ ಆಟ ಅಲ್ಲಿಗೇ ಮುಗಿಯುತ್ತದೆ. ನಾನು ಗೆದ್ದರೂ ಪ್ರಯೋಜನವಿಲ್ಲದ ಚೌಕವದು.

ಅಲ್ಲಿಂದ ನಾನು ಅವಳನ್ನು 3ಕ್ಕಾಗಲಿ, ಮುಗಿದ ಚೌಕಕ್ಕಾಗಲಿ ಕಳಿಸುವಂತಿರಲಿಲ್ಲ. ಎರಡರಲ್ಲೂ ಅವಳು ನನ್ನ ಮೂರನೇ ಸೊನ್ನೆಯ ಜಾಗ ಮುಚ್ಚುತ್ತಿದ್ದಳು. ಮತ್ತೆ 5ಕ್ಕೇ ತಳ್ಳಿದೆ. ಅವಳು ಅದರ ನಟ್ಟನಡುವೆ ಇಂಟು ಹಾಕಿದಳು. ಐದರಲ್ಲಿ ಐದು: ಈಗ ನಾನೂ ಅಲ್ಲೇ ಬಂದಿ, ಎದುರಿಗೆ ಒಂದಕ್ಕಿಂತ ಹೆಚ್ಚು ಕಡೆ ಅವಳ ಗೆಲುವು. ಒಂಬತ್ತನೇ ಮನೆಯನ್ನು ತಡೆದೆ. 9 ಮುಗಿದ ಚೌಕವಾದ್ದರಿಂದ ಅವಳಿಗೆ ಎಲ್ಲಿ ಬೇಕಾದರೂ ಆಡುವ ಅವಕಾಶ ಸಿಕ್ಕಿತು. ಸೀದಾ 3ಕ್ಕೆ ಹೋಗಿ, ನಾನು ಬೆಳಗ್ಗಿನಿಂದ ಕಾಯುತ್ತಿದ್ದ ಒಂಬತ್ತನೇ ಮನೆಯನ್ನೇ ಮುಚ್ಚಿದಳು.

“ಮಾಮ, ನಿನ್ನನ್ನು 9ಕ್ಕೆ ಕಳಿಸಿದ್ದೇನೆ. ಅದು ಮುಗಿದಿದೆಯಲ್ಲ, ಈಗ ನೀನು ಎಲ್ಲಿಗೆ ಬೇಕಾದರೂ ಹೋಗಬಹುದು,” ಎಂದಳು.