ಫೋನನ್ನು ಫ್ರಿಜ್ಜಿನಲ್ಲಿ ಇಡಬೇಡಿ

"ಸೆಕೆಗೆ ಫೋನ್ ಬಿಸಿಯಾದ್ರೆ ಹತ್ತು ನಿಮಿಷ ಫ್ರಿಜ್ಜಲ್ಲಿಡಿ, ಬ್ಯಾಟರಿ ಜಾಸ್ತಿ ವರ್ಷ ಬಾಳುತ್ತೆ. ಎಲ್ಲರಿಗೂ ಕಳಿಸಿ."

ಈ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಯಾರಿಗೂ ಕಳಿಸಬೇಡಿ. ಕಾರವಾರದ ಮೇ ತಿಂಗಳ ಗಾಳಿಯಲ್ಲಿ ನೀರಿನ ಪಸೆ ತುಂಬಿರುತ್ತದೆ. ತಣ್ಣಗಾದ ಫೋನನ್ನು ಹೊರಗೆ ತೆಗೆದ ಕೂಡಲೇ ಗಾಜಿನ ಮೇಲೆ ಹನಿ ಕೂರುತ್ತದೆ. ಹಾಗೆಯೇ ಒಳಗೂ ಕೂರಬಹುದು. ಆಗ ಹಾಳಾಗುವುದು ಬ್ಯಾಟರಿ ಒಂದೇ ಅಲ್ಲ.

ಚಳಿಗೆ ಬ್ಯಾಟರಿಯೊಳಗೆ ಲಿಥಿಯಂ ಅಯಾನುಗಳ ಓಡಾಟ ನಿಧಾನವಾಗುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಅದಕ್ಕೇ ಹಿಮ ಬೀಳುವ ಊರಲ್ಲಿ ಚಾರ್ಜ್ ಇದ್ದರೂ ಫೋನ್ ಆಫ್ ಆಗುತ್ತದೆ. ಬೆಚ್ಚಗಾದರೆ ಮತ್ತೆ ಸರಿ. ಶಿರಸಿಯ ಚಳಿಗೆಲ್ಲ ಹೆದರಬೇಕಿಲ್ಲ.

ಬಿಸಿ ಹಾಗಲ್ಲ. ಒಳಗಿನ ರಾಸಾಯನಿಕಗಳೇ ಕೆಡುತ್ತವೆ, ಕಳೆದುಕೊಂಡ ಶಕ್ತಿ ಮರಳುವುದಿಲ್ಲ. ಪೂರ್ತಿ ಚಾರ್ಜ್ ಆಗಿ ಬಿಸಿಯಲ್ಲೇ ಇದ್ದರೆ ಇನ್ನೂ ಬೇಗ.

ಅಂಕೋಲಾದಿಂದ ಕಾರವಾರಕ್ಕೆ ಮಧ್ಯಾಹ್ನ ಬೈಕಿನಲ್ಲಿ ಬರುತ್ತೀರಿ ಅಂದುಕೊಳ್ಳಿ. ಹ್ಯಾಂಡಲ್ ಮೇಲೆ ಫೋನ್, ಮ್ಯಾಪ್ ಚಾಲೂ, ಪವರ್‌ಬ್ಯಾಂಕಿನಿಂದ ಚಾರ್ಜಿಂಗ್. ಬಿಸಿಲು, ಸ್ಕ್ರೀನ್, ಚಾರ್ಜಿಂಗ್ ಮೂರರ ಬಿಸಿಯೂ ಸೇರುತ್ತದೆ. ಸ್ಕ್ರೀನ್ ತಾನಾಗಿ ಮಂಕಾದರೆ ಅಥವಾ ಚಾರ್ಜಿಂಗ್ ನಿಂತರೆ ಅದೇ ಎಚ್ಚರಿಕೆ. ಮೊದಲು ವೈರ್ ಕಿತ್ತು, ಕವರ್ ತೆಗೆದು, ನೆರಳಲ್ಲಿ ಗಾಳಿಗೆ ಇಡಿ. ಅಷ್ಟೇ ಸಾಕು. ದಾರಿ ಗೊತ್ತಿದ್ದರೆ ಮ್ಯಾಪ್ ಸುಮ್ನೆ ಯಾಕೆ?

ಮನೆಯಲ್ಲಿ 80 ಶೇಕಡಾಕ್ಕೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಹಾಕಿಡಿ. ದಿಂಬಿನಡಿ ಚಾರ್ಜಿಗೆ ಇಡಬೇಡಿ. ಫೋನಿನ ಹಿಂಬದಿ ಉಬ್ಬಿದ್ದರೆ ಒತ್ತಬೇಡಿ, ಚಾರ್ಜಿಗೂ ಹಾಕಬೇಡಿ. ಬ್ಯಾಟರಿ ಬದಲಿಸಲೇಬೇಕು.