ಬಾಚಣಿಗೆಯಲ್ಲಿ ಉಳಿದ ಕೂದಲನ್ನ ಒಮ್ಮೆ ನೋಡಿ

14 ತಿಂಗಳ ಹಿಂದೆ, ತಮ್ಮನ ಮದುವೆಗೆ ಅಂತ, ಚಿಕ್ಕಬಳ್ಳಾಪುರದ ಒಂದು ಪಾರ್ಲರ್‌ನಲ್ಲಿ ಕೂದಲು ಸ್ಟ್ರೈಟನಿಂಗ್ ಮಾಡಿಸಿದ್ದೆ. ಫೋಟೋ ಚೆನ್ನಾಗಿಯೇ ಬಂದವು, ಸುಳ್ಳು ಹೇಳಲ್ಲ. ಆಮೇಲೆ ಬುಡದಿಂದ ನನ್ನ ಹಳೇ ಗುಂಗುರು ಎದ್ದು ಬಂತು. ಎಂಟನೇ ತಿಂಗಳಿಗೆ ಮೇಲೆ ನಾಲ್ಕು ಬೆರಳಿನಷ್ಟು ಗುಂಗುರು, ಕೆಳಗೆ ಸೊಂಟದವರೆಗೂ ಕಡ್ಡಿಯಂಥ ಕೂದಲು. ಬಾಚಿದಾಗೆಲ್ಲ ಕೈತುಂಬ ಕೂದಲು ಬರುತ್ತಿತ್ತು.

ಪಾರ್ಲರ್‌ನವರು "ಬುಡಕ್ಕೆ ಟಚ್‌ಅಪ್ ಮಾಡಿಸಿ, ಸರಿಹೋಗುತ್ತೆ" ಅಂದರು. ನೆಂಟರೊಬ್ಬರು ಥೈರಾಯ್ಡ್ ಟೆಸ್ಟ್ ಮಾಡಿಸು ಅಂದರು. ಕೂದಲು ಉದುರುತ್ತಿದೆಯೋ, ತುಂಡಾಗುತ್ತಿದೆಯೋ ಅಂತ ಮಾತ್ರ ಯಾರೂ ಕೇಳಲಿಲ್ಲ. ಎರಡೂ ಬೇರೆ ಬೇರೆ.

ಒಂದು ಭಾನುವಾರ ಬಾಚಣಿಗೆಯಲ್ಲಿದ್ದ ಎಳೆಗಳನ್ನ ಬಿಡಿಸಿ, ಬಿಳಿ ಹಾಳೆಯ ಮೇಲೆ ಸಾಲಾಗಿ ಇಟ್ಟೆ. ಒಟ್ಟು 31 ಎಳೆ. 12ರ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗುಂಡು ಇತ್ತು. ಆ ಎಳೆಗಳು ಬುಡದ ಕಡೆ ಗುಂಗುರಾಗಿ, ಮುಂದೆ ನೇರವಾಗಿದ್ದವು. ಅವು ತಮ್ಮ ಕಾಲ ಮುಗಿಸಿ ಉದುರಿದ ಕೂದಲು, ಎಲ್ಲರಿಗೂ ಉದುರುತ್ತೆ. ಮಿಕ್ಕ 19ಕ್ಕೆ ಗುಂಡು ಇರಲಿಲ್ಲ. ಅದರಲ್ಲೂ ಹೆಚ್ಚಿನವು ಈ ತುದಿಯಿಂದ ಆ ತುದಿಗೆ ನೇರ, ಒಂದು ಸುತ್ತೂ ಇಲ್ಲ. ಅಂದರೆ ಗುಂಗುರು ತಲೆಯಲ್ಲೇ ಉಳಿದಿದೆ, ಎಳೆ ಸರಿಯಾಗಿ ಗುಂಗುರೂ ನೇರವೂ ಸೇರೋ ಗೆರೆಯಲ್ಲೇ ಕಡಿದಿದೆ.

ಅಲ್ಲೇ ಯಾಕೆ? ಸ್ಟ್ರೈಟನಿಂಗ್ ಕ್ರೀಮು ಕೂದಲಿನ ಒಳಗಿನ ಬಂಧಗಳನ್ನ ಬಿಚ್ಚುತ್ತೆ. ಐರನ್ ಹಾಕಿ ನೇರ ಮಾಡಿದ ಮೇಲೆ, ಎರಡನೇ ಕ್ರೀಮು ಅವನ್ನ ಮತ್ತೆ ಕೂಡಿಸುತ್ತೆ. ಆದರೆ ಎಲ್ಲವೂ ಕೂಡಲ್ಲ, ಹಾಗಾಗಿ ಆ ಭಾಗಕ್ಕೆ ಮೊದಲಿನ ಗಟ್ಟಿತನ ಇಲ್ಲ. ಮೇಲಿನ ಗುಂಗುರಿನ ಸುತ್ತುಗಳಿಗೆ ಪಕ್ಕದ ನೇರ ಎಳೆಗಳು ನುಗ್ಗಿ ಸಿಕ್ಕು ಕಟ್ಟುತ್ತೆ. ಬಾಚಣಿಗೆ ಅಲ್ಲಿ ತಡೆಯುತ್ತೆ, ನಾವು ಜಗ್ಗುತ್ತೇವೆ, ಬಡಪಾಯಿ ನೇರ ಭಾಗ ಕಿತ್ತುಕೊಂಡು ಬರುತ್ತೆ. ಟಚ್‌ಅಪ್ ಬೇಡ ಅನ್ನೋದಕ್ಕೂ ಇದೇ ಕಾರಣ. ಕ್ರೀಮು ಒಂದು ಬೆರಳು ಕೆಳಗೆ ಜಾರಿದರೂ, ಒಮ್ಮೆ ಬೆಂದ ಕೂದಲನ್ನ ಅದೇ ಗೆರೆಯಲ್ಲಿ ಮತ್ತೆ ಬೇಯಿಸಿದ ಹಾಗೆ.

ದಾರಿ ತೋರಿಸಿದ್ದು ಶಿಡ್ಲಘಟ್ಟದ ದೊಡ್ಡಮ್ಮ. ಅವರು ವರ್ಷಗಟ್ಟಲೆ ರೇಷ್ಮೆ ರೀಲಿಂಗ್ ಮಾಡಿದವರು. ನಾನು ತಲೆಸ್ನಾನ ಮಾಡಿ ಬಂದು, ಒದ್ದೆ ಕೂದಲಿಗೆ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ನೆತ್ತಿಯಿಂದ ಎಳೆಯುತ್ತಿದ್ದೆ. "ಅಯ್ಯೋ, ನೂಲನ್ನ ಹಿಂಗೆ ಎಳೆದರೆ ಉಳಿಯುತ್ತೇನೇ? ಸಿಕ್ಕಿನ ಮೇಲ್ಗಡೆ ಹಿಡ್ಕೋ, ಕೆಳಗಿಂದ ಬಿಡಿಸು" ಅಂದರು. ಒದ್ದೆ ಕೂದಲು ಒಣ ಕೂದಲಿಗಿಂತ ಜಾಸ್ತಿ ಹಿಗ್ಗುತ್ತೆ, ಬೇಗ ತುಂಡಾಗುತ್ತೆ. ಅಂಥ ಕೂದಲಿಗೇ ನಾನು ದಿನಾ ಏಟು ಕೊಡುತ್ತಿದ್ದೆ.

ಈಗ ಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ, ಕೈಬೆರಳಲ್ಲೇ ದೊಡ್ಡ ಸಿಕ್ಕು ಬಿಡಿಸುತ್ತೇನೆ. ಕೂದಲನ್ನೆಲ್ಲ ನೆತ್ತಿಗೆ ಗುಡ್ಡೆ ಹಾಕಿ ತಿಕ್ಕೋದು ನಿಂತಿದೆ. ಶಾಂಪೂ ಬುಡಕ್ಕೆ ಮಾತ್ರ, ನೊರೆ ತಾನಾಗಿ ಕೆಳಗೆ ಇಳಿಯುತ್ತೆ. ಆಮೇಲೆ ಕಂಡಿಷನರ್ ಧಾರಾಳವಾಗಿ ಹಚ್ಚಿ, ಅದು ಕೂದಲಲ್ಲಿ ಇರುವಾಗಲೇ ನಾಲ್ಕು ಪಾಲು ಮಾಡಿಕೊಳ್ಳುತ್ತೇನೆ. ಒಂದೊಂದು ಪಾಲನ್ನೂ ಗುಂಗುರು ಮುಗಿಯೋ ಜಾಗಕ್ಕಿಂತ ಸ್ವಲ್ಪ ಕೆಳಗೆ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ದೊಡ್ಡ ಹಲ್ಲಿನ ಬಾಚಣಿಗೆಯಿಂದ ತುದಿಯ ನಾಲ್ಕು ಇಂಚು ಮೊದಲು ಬಿಡಿಸೋದು. ಜಗ್ಗಿದ್ದು ಮುಷ್ಟಿಗೇ ನಿಲ್ಲುತ್ತೆ, ಗೆರೆಯವರೆಗೆ ಹೋಗಲ್ಲ. ಆ ಗೆರೆಯನ್ನ ಕೊನೆಗೆ, ಬೆರಳಲ್ಲೇ. ಇಪ್ಪತ್ತು ನಿಮಿಷ ಹಿಡಿಯುತ್ತೆ, ಮನೆಯಲ್ಲಿ ಒಂದೇ ಬಚ್ಚಲು ಇದ್ದರೆ ಬೈಗುಳವೂ ಸಿಗುತ್ತೆ. ನಮ್ಮ ಬೋರ್‌ವೆಲ್ ನೀರು ಗಡಸು, ಅದಕ್ಕೆ ಕೊನೆಯ ಎರಡು ಚೊಂಬು ಮಾತ್ರ ಫಿಲ್ಟರ್ ನೀರು. ಟವೆಲ್‌ನಲ್ಲಿ ಪಟಪಟ ಬಡಿಯೋದಿಲ್ಲ, ಹಳೇ ಕಾಟನ್ ಪಂಚೆಯಲ್ಲಿ ಒತ್ತಿ ಬಿಡುತ್ತೇನೆ.

ಇನ್ನೊಂದು ತಪ್ಪು ತಡವಾಗಿ ಗೊತ್ತಾಯಿತು. ಪೋನಿಟೇಲಿನ ರಬ್ಬರ್ ಬ್ಯಾಂಡ್ ದಿನಾ ಸರಿಯಾಗಿ ಆ ಗೆರೆಯ ಮೇಲೇ ಕೂರುತ್ತಿತ್ತು. ಈಗ ಸಡಿಲ ಜಡೆ, ತುದಿಯಲ್ಲಿ ಬಟ್ಟೆಯ ಬ್ಯಾಂಡ್.

ಇಷ್ಟೆಲ್ಲ ಮಾಡಿದರೂ ನೇರ ಭಾಗ ರಿಪೇರಿ ಆಗಲ್ಲ. ಯಾವ ಮಾಸ್ಕೂ ಅದನ್ನ ಮೊದಲಿನಂತೆ ಮಾಡಲ್ಲ, ನುಣುಪು ಕೊಡುತ್ತೆ ಅಷ್ಟೇ. ಒದ್ದೆ ಎಳೆಯೊಂದನ್ನ ಮೆಲ್ಲಗೆ ಎಳೆದು ನೋಡಿ. ಹಿಗ್ಗಿ ವಾಪಸ್ ಬಂದರೆ ಇನ್ನೂ ಕಾಯಬಹುದು. ಬಬಲ್‌ಗಮ್ ತರ ಹಿಗ್ಗಿ ಹಾಗೇ ಜೋತುಬಿದ್ದರೆ, ಅಲ್ಲಿಗೆ ಕತ್ತರಿ ಹಾಕಿಸೋದೇ ಸರಿ. ನಾನು ಮೊದಲು ಐದು ಇಂಚು ತೆಗೆಸಿದೆ. ಆಮೇಲೆ ಎರಡು ತಿಂಗಳಿಗೆ ಒಂದು ಇಂಚು. ಅಷ್ಟರಲ್ಲಿ ಮೇಲೆ ಹೆಚ್ಚುಕಮ್ಮಿ ಅಷ್ಟೇ ಬೆಳೆದಿರುತ್ತೆ, ಹಾಗಾಗಿ ಕೂದಲು ಗಿಡ್ಡ ಆಯಿತು ಅಂತ ಅನ್ನಿಸಲೇ ಇಲ್ಲ.

ಹೋದ ಭಾನುವಾರ ಮತ್ತೆ ಬಿಳಿ ಹಾಳೆ ಹಾಸಿದೆ. 17 ಎಳೆ, ಗುಂಡು ಇಲ್ಲದವು ನಾಲ್ಕು. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ನೋಡಿ, "ಈ ನಾಲ್ಕು ಯಾಕೆ ಕಡಿದವು?" ಅಂತ ಕೇಳಿದರು. ಶನಿವಾರ ಆತುರದಲ್ಲಿ ನೆತ್ತಿಯಿಂದ ಬಾಚಿದ್ದೆ ಅಂತ ಒಪ್ಪಿಕೊಂಡೆ.